ಐದು ಜನರ ಟೈಮ್‌ಶೀಟ್‌ನಿಂದ ಒಂದು ಬಿಲ್: ಗಂಟೆ ಬಿಡಿ, ನಿಮಿಷ ಹಿಡಿಯಿರಿ

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಚಿಕ್ಕ ಕನ್ಸಲ್ಟಿಂಗ್ ಆಫೀಸು. ಐದು ಜನ ಕನ್ಸಲ್ಟೆಂಟ್‌ಗಳು ಸಾಗರ, ತೀರ್ಥಹಳ್ಳಿ, ಭದ್ರಾವತಿ ಅಂತ ಸುತ್ತುತ್ತಾರೆ. ತಿಂಗಳ ಕೊನೆಗೆ ಎಲ್ಲರೂ ಎಕ್ಸೆಲ್ ಟೈಮ್‌ಶೀಟ್ ಕಳಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ಥರ. ಎಷ್ಟು ಸಲ ಕೂಡಿದರೂ ಬೇರೆ ಬೇರೆ ಮೊತ್ತ ಬರುತ್ತದೆ. ಕ್ಲೈಂಟ್ "ಈ ಗಂಟೆ ಎಲ್ಲಿಂದ ಬಂತು?" ಅಂತ ಕೇಳಿದರೆ ತೋರಿಸೋಕೆ ಏನೂ ಇರಲ್ಲ. ಹೊಸ ಸಾಫ್ಟ್‌ವೇರ್ ಕೊಳ್ಳದೆ ಎಕ್ಸೆಲ್‌ನಲ್ಲೇ ಇದನ್ನು ಸರಿಮಾಡೋದು ಹೇಗೆ?

ಉತ್ತರ: ಎಕ್ಸೆಲ್ ಸಾಕು. ಐದು ಜನರ ಆಫೀಸಿಗೆ ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ. ಮೊತ್ತ ತಪ್ಪುತ್ತಿರುವುದು ಕೂಡುವವರ ಕೈಯಿಂದ ಅಲ್ಲ, ಗಂಟೆಯನ್ನು ಬರೆದಿರುವ ರೀತಿಯಿಂದ. ಮೊದಲು ಅದನ್ನು ನೋಡೋಣ, ಉಳಿದದ್ದು ಆಮೇಲೆ.

ಒಂದೂವರೆ ಗಂಟೆಯನ್ನು ನಿಮ್ಮ ಐದು ಜನ ಮೂರು ಥರ ಬರೆದಿರುತ್ತಾರೆ: 1:30, 1.5, 1.30. ಕಣ್ಣಿಗೆ ಮೂರೂ ಒಂದೇ. ಎಕ್ಸೆಲ್‌ಗೆ ಮೂರೂ ಬೇರೆ. 1:30 ಅಂತ ಹಾಕಿದರೆ ಅದು ಒಂದು ದಿನದ ಭಾಗ ಅಂತ ತಿಳಿದು ಒಳಗೆ 0.0625 ಅಂತ ಇಟ್ಟುಕೊಳ್ಳುತ್ತದೆ, ಯಾಕಂದ್ರೆ ಅದರ ಲೆಕ್ಕದಲ್ಲಿ ಒಂದು ದಿನ ಅಂದರೆ 1. 1.5 ಅನ್ನೋದು ಬರೀ ಸಂಖ್ಯೆ. 1.30 ಕೂಡ ಬರೀ ಸಂಖ್ಯೆಯೇ, ಆದರೆ ಗಂಟೆ ಅಂತ ಓದಿದರೆ ಅದು ಒಂದು ಗಂಟೆ ಹದಿನೆಂಟು ನಿಮಿಷ. ಇವನ್ನೆಲ್ಲ ಒಂದೇ ಕಾಲಮ್ಮಿನಲ್ಲಿ ಹಾಕಿ SUM ಕೊಟ್ಟರೆ ಎಕ್ಸೆಲ್ ಗೊಣಗದೆ ಕೂಡಿಕೊಡುತ್ತದೆ, ಬರುವ ಉತ್ತರಕ್ಕೆ ಮಾತ್ರ ಅರ್ಥವೇ ಇರೋದಿಲ್ಲ.

ಇನ್ನೊಂದು ತೊಂದರೆ ಇದೆ. ಎಲ್ಲರೂ 1:30 ರೀತಿಯಲ್ಲೇ ಬರೆದರೂ ಮೊತ್ತ 24 ಗಂಟೆ ದಾಟಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರುವಾದ ಹಾಗೆ ಕಾಣುತ್ತದೆ. 27 ಗಂಟೆ 30 ನಿಮಿಷ ಇದ್ದರೆ 3:30 ಅಂತ ತೋರಿಸುತ್ತದೆ. ಒಳಗಿನ ಲೆಕ್ಕ ಸರಿಯಾಗಿದೆ, ತೋರಿಸುವುದಷ್ಟೇ ತಪ್ಪು. ಸೆಲ್ ಫಾರ್ಮ್ಯಾಟ್ `[h]:mm` ಅಂತ ಮಾಡಿದರೆ ಪೂರ್ತಿ 27:30 ಕಾಣುತ್ತದೆ. ಆದರೆ ಅದನ್ನೇ ಗಂಟೆಯ ದರದಿಂದ ಗುಣಿಸಿದರೆ ಮೊತ್ತ ತೀರಾ ಚಿಕ್ಕದಾಗಿ ಬರುತ್ತದೆ, ಯಾಕಂದ್ರೆ ಗುಣಾಕಾರ ನಡೆಯುವುದು ದಿನದ ಲೆಕ್ಕದಲ್ಲಿ. ಬಿಲ್ಲಿನ ಮೊತ್ತ 24 ಪಟ್ಟು ಕಡಿಮೆ ಬಂದಿದ್ದರೆ ಬೇರೆಲ್ಲೂ ಹುಡುಕಬೇಡಿ, ಇದೇ ಕಾರಣ.

ಹಾಗಾಗಿ ನನ್ನ ಸಲಹೆ: ಕೊನೆಯ ಹಂತದವರೆಗೂ ಎಲ್ಲವನ್ನೂ ನಿಮಿಷದಲ್ಲಿ ಇಡಿ. ಪೂರ್ಣ ಸಂಖ್ಯೆಯ ನಿಮಿಷ: 90, 35, 280. ದಶಾಂಶವೂ ಇಲ್ಲ, ಕೋಲನ್ನೂ ಇಲ್ಲ. ಇನ್‌ವಾಯ್ಸ್‌ಗೆ ಹೋಗುವಾಗ ಮಾತ್ರ 60ರಿಂದ ಭಾಗಿಸಿ ಗಂಟೆ ಮಾಡಿ.

ಈಗಾಗಲೇ ಬಂದಿರುವ ಶೀಟುಗಳಿಗೆ ಹೀಗೆ ಮಾಡಿ. ಮೂಲ ಫೈಲುಗಳನ್ನು ಒಂದು ಫೋಲ್ಡರ್‌ನಲ್ಲಿ ಹಾಗೇ ಬಿಡಿ, ಮುಟ್ಟಲೇಬೇಡಿ. ಪ್ರತಿಗಳನ್ನು ಇನ್ನೊಂದು ಫೋಲ್ಡರ್‌ಗೆ ಹಾಕಿ, ಅಲ್ಲಿ "ನಿಮಿಷ" ಅಂತ ಒಂದು ಕಾಲಮ್ ಸೇರಿಸಿ. ಯಾರು ಹೇಗೆ ಬರೆಯುತ್ತಾರೋ ಅದಕ್ಕೆ ತಕ್ಕ ಸೂತ್ರ ಹಾಕಿ. ಗಂಟೆ E ಕಾಲಮ್ಮಿನಲ್ಲಿದೆ ಅಂದುಕೊಂಡರೆ, 1:30, 1.5, 1.30 ಈ ಕ್ರಮದಲ್ಲಿ ಸೂತ್ರಗಳು ಇವು:

```
=ROUND(E2*1440,0)
=ROUND(E2*60,0)
=ROUND(DOLLARDE(E2,60)*60,0)
```

ಮೂರನೆಯದನ್ನು ನೋಡಿ ಗಾಬರಿಯಾಗಬೇಡಿ. DOLLARDE ಇರೋದು ಷೇರು, ಬಾಂಡುಗಳ ಬೆಲೆಯನ್ನು ದಶಾಂಶಕ್ಕೆ ತರೋಕೆ, ಆದರೆ "ಚುಕ್ಕಿಯ ಆಚೆ ಇರುವುದು ಅರವತ್ತರ ಲೆಕ್ಕ" ಅಂತ ಹೇಳಿದರೆ 1.30 ಅನ್ನು ಸರಿಯಾಗಿ ಒಂದೂವರೆ ಮಾಡಿಕೊಡುತ್ತದೆ.

ಯಾರು ಚುಕ್ಕಿ ಹಾಕಿ ನಿಮಿಷ ಬರೆಯುತ್ತಾರೆ, ಯಾರು ನಿಜವಾದ ದಶಾಂಶ ಬರೆಯುತ್ತಾರೆ ಅಂತ ಗೊತ್ತಾಗೋದು ಹೇಗೆ? ಆ ವ್ಯಕ್ತಿಯ ಇಡೀ ತಿಂಗಳ ಅಂಕಿಗಳ ಮೇಲೆ ಕಣ್ಣಾಡಿಸಿ. ಚುಕ್ಕಿಯ ನಂತರ .25, .5, .75 ಬರುತ್ತಿದ್ದರೆ ಅದು ದಶಾಂಶ. .15, .3, .45 ಮಾತ್ರ ಬರುತ್ತಿದ್ದರೆ ಅದು ನಿಮಿಷ. (1.30 ಅಂತ ಟೈಪ್ ಮಾಡಿದರೂ ಎಕ್ಸೆಲ್ ಸುಮ್ಮನೆ 1.3 ಅಂತ ತೋರಿಸುತ್ತದೆ, ನೆನಪಿರಲಿ.) ಎರಡೂ ಕಲಸಿದ್ದರೆ ಊಹೆ ಮಾಡಬೇಡಿ, ಫೋನ್ ಮಾಡಿ ಕೇಳಿ. ಕೆಲವರು ಒಂದೇ ಸೂತ್ರದಲ್ಲಿ "1ಕ್ಕಿಂತ ಕಡಿಮೆ ಇದ್ದರೆ ಸಮಯ, ಜಾಸ್ತಿ ಇದ್ದರೆ ದಶಾಂಶ" ಅಂತ IF ಹಾಕಿ ಜಾಣತನ ಮಾಡುತ್ತಾರೆ. 0.5 ಬಂದರೆ ಅದು ಕೈಕೊಡುತ್ತದೆ. ಅರ್ಧ ಗಂಟೆಯ ಫೋನ್ ಕರೆ ಹನ್ನೆರಡು ಗಂಟೆಯ ಕೆಲಸ ಆಗಿಬಿಡುತ್ತದೆ!

ಮುಂದಿನ ತಿಂಗಳಿಂದ ಈ ರಗಳೆಯೇ ಬೇಡ ಅಂದರೆ ಎಲ್ಲರಿಗೂ ಒಂದೇ ಶೀಟ್ ಕೊಡಿ. ಅದರಲ್ಲಿ "ಗಂಟೆ" ಒಂದು ಕಾಲಮ್, "ನಿಮಿಷ" ಇನ್ನೊಂದು, ಎರಡಕ್ಕೂ Data Validation ಹಾಕಿ ಪೂರ್ಣ ಸಂಖ್ಯೆ ಬಿಟ್ಟು ಬೇರೇನೂ ಒಳಗೆ ಬರದ ಹಾಗೆ ಮಾಡಿ. ಒಟ್ಟು ನಿಮಿಷ ಎಷ್ಟು ಅನ್ನೋದನ್ನು ಶೀಟೇ ಕೂಡಿಕೊಳ್ಳಲಿ. ಉಳಿದ ಕಾಲಮ್ಮುಗಳು: ಸಾಲಿನ ನಂಬರ್, ತಾರೀಖು, ಹೆಸರು, ಕ್ಲೈಂಟ್, ಕೆಲಸದ ಬಗೆ, ವಿವರ. ಒಂದು ಕೆಲಸಕ್ಕೆ ಒಂದು ಸಾಲು. ತಾರೀಖುಗಳನ್ನು ಅಡ್ಡಕ್ಕೆ ಇಟ್ಟು ಹಾಜರಿ ಪುಸ್ತಕದ ಥರ ಮಾಡುವ ಶೀಟುಗಳು ನೋಡೋಕೆ ಚೆಂದ, ಕೂಡೋಕೆ ಶಿಕ್ಷೆ.

ಈಗ ಐದನ್ನೂ ಒಂದು ಮಾಡುವ ಕೆಲಸ. ಕಾಪಿ ಪೇಸ್ಟ್ ಮಾಡಬೇಡಿ, ಒಂದು ಸಾಲು ಬಿಟ್ಟುಹೋದರೂ ಗೊತ್ತಾಗಲ್ಲ. ಬೇರೆ ಬೇರೆ ಫೈಲುಗಳನ್ನು ತಂದು ಒಂದೇ ಟೇಬಲ್ ಮಾಡುವ ಪವರ್ ಕ್ವೆರಿ ಅನ್ನೋ ಸೌಲಭ್ಯ ಎಕ್ಸೆಲ್ 2016ರಿಂದ ಒಳಗೇ ಇದೆ. Data, Get Data, From File, From Folder ಒತ್ತಿ ಆ ಪ್ರತಿಗಳ ಫೋಲ್ಡರ್ ತೋರಿಸಿ, Combine & Transform Data ಕೊಡಿ. ಐದೂ ಫೈಲು ಒಂದರ ಕೆಳಗೊಂದು ಸೇರಿ ಒಂದೇ ಟೇಬಲ್ ಆಗುತ್ತದೆ. ಯಾವ ಸಾಲು ಯಾವ ಫೈಲಿನದು ಅಂತ `Source.Name` ಕಾಲಮ್ ತಾನಾಗೇ ಬರುತ್ತದೆ. ಅದನ್ನು ಅಳಿಸಬೇಡಿ, ಕ್ಲೈಂಟ್ ಪ್ರಶ್ನೆ ಕೇಳಿದ ದಿನ ನಿಮಗೆ ದಾರಿ ತೋರಿಸೋದು ಅದೇ.

ಇಲ್ಲಿ ಸದ್ದಿಲ್ಲದೆ ಆಗುವ ತಪ್ಪುಗಳು ಎರಡು. ಮೊದಲನೆಯದು ಕಾಲಮ್ಮಿನ ಹೆಸರು. ಒಬ್ಬರು "ನಿಮಿಷ" ಅಂತಲೂ ಇನ್ನೊಬ್ಬರು "ನಿಮಿಷಗಳು" ಅಂತಲೂ ಬರೆದಿದ್ದರೆ, ಎರಡನೆಯವರ ನಿಮಿಷಗಳೆಲ್ಲ ಖಾಲಿಯಾಗಿ ಬರುತ್ತವೆ, ಯಾವ ಎಚ್ಚರಿಕೆಯೂ ಬರಲ್ಲ. ಎರಡನೆಯದು ತಾರೀಖು. ಯಾರದೋ ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗಿನಲ್ಲಿದ್ದರೆ 3/7 ಅನ್ನೋದು ಜುಲೈ 3 ಆಗದೆ ಮಾರ್ಚ್ 7 ಆಗುತ್ತದೆ. ಇದನ್ನು ಪತ್ತೆ ಮಾಡೋದು ಸುಲಭ: ಜುಲೈ ಲೆಕ್ಕದಲ್ಲಿ ಬೇರೆ ತಿಂಗಳುಗಳು ಕಂಡು, ಅವೆಲ್ಲದರ ತಾರೀಖೂ 7 ಆಗಿದ್ದರೆ ತಿರುವುಮುರುವು ಆಗಿದೆ ಅಂತಲೇ ಅರ್ಥ. 12ನೇ ತಾರೀಖಿನ ನಂತರದವು ತಾರೀಖೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತವೆ ಅಥವಾ Error ತೋರಿಸುತ್ತವೆ. ಹಾಗೆ ಅಕ್ಷರವಾಗಿ ಬಂದಿರುವುದನ್ನು ಪವರ್ ಕ್ವೆರಿಯಲ್ಲಿ Using Locale ಬಳಸಿ ಭಾರತದ ರೀತಿ ಅಂತ ಹೇಳಿ ಬದಲಿಸಬಹುದು. ಆದರೆ ಆ ಲ್ಯಾಪ್‌ಟಾಪಿನಲ್ಲೇ ಮಾರ್ಚ್ 7 ಆಗಿ ಉಳಿದುಬಿಟ್ಟಿರುವುದನ್ನು ಪ್ರತಿಯಲ್ಲಿ ಕೈಯಿಂದಲೇ ತಿದ್ದಬೇಕು.

ಆಮೇಲೆ ಕ್ಲೈಂಟ್ ಹೆಸರು. ತೀರ್ಥಹಳ್ಳಿಯ ಒಂದೇ ಅಡಿಕೆ ಸೊಸೈಟಿಯನ್ನು ಒಬ್ಬರು "ತೀರ್ಥಹಳ್ಳಿ ಸೊಸೈಟಿ" ಅಂತಾರೆ, ಇನ್ನೊಬ್ಬರು "ಅಡಿಕೆ ಸೊಸೈಟಿ", ಮತ್ತೊಬ್ಬರು `TH Society`. ಎಲ್ಲರಿಗೂ ಒಂದೇ ಥರ ಬರೆಯಿರಿ ಅಂತ ಹೇಳಿ ಹೇಳಿ ಸುಸ್ತಾಗೋ ಬದಲು ಎರಡು ಕಾಲಮ್ಮಿನ ಒಂದು ಪಟ್ಟಿ ಮಾಡಿ: ಎಡಗಡೆ ಅವರು ಬರೆದದ್ದು, ಬಲಗಡೆ ನಿಮ್ಮ ಕೋಡ್, ಉದಾಹರಣೆಗೆ `TH01`. ಪವರ್ ಕ್ವೆರಿಯಲ್ಲಿ Merge ಮಾಡಿ ಈ ಕೋಡನ್ನು ಎಳೆದುಕೊಳ್ಳಿ. ಕೋಡ್ ಸಿಗದೆ `null` ಬಂದ ಸಾಲುಗಳೆಲ್ಲ ಹೊಸ ಹೆಸರುಗಳು, ಅವನ್ನು ಪಟ್ಟಿಗೆ ಸೇರಿಸುತ್ತಾ ಹೋಗಿ. ಒಂದೆರಡು ತಿಂಗಳಲ್ಲಿ ಪಟ್ಟಿ ತುಂಬುತ್ತದೆ.

ಪವರ್ ಕ್ವೆರಿಗೆ `TH Society` ಮತ್ತು `Th society` ಬೇರೆ ಬೇರೆ. ಕೊನೆಯಲ್ಲಿ ಒಂದು ಸ್ಪೇಸ್ ಜಾಸ್ತಿ ಇದ್ದರೂ ಬೇರೆಯೇ. ಅದಕ್ಕೇ ಮೊದಲು Trim, ಆಮೇಲೆ ಎಲ್ಲವನ್ನೂ ಚಿಕ್ಕಕ್ಷರ ಮಾಡಿ, ನಂತರ Merge. ಪಟ್ಟಿಯ ಎಡಗಡೆಯೂ ಚಿಕ್ಕಕ್ಷರದಲ್ಲೇ ಇರಲಿ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ನಿಮ್ಮ ಪಟ್ಟಿಯಲ್ಲಿ ಒಂದೇ ಹೆಸರು ತಪ್ಪಿ ಎರಡು ಸಲ ಇದ್ದರೆ, ಆ ಹೆಸರಿನ ಪ್ರತಿ ಸಾಲೂ ಎರಡೆರಡಾಗುತ್ತದೆ. ಆ ಕ್ಲೈಂಟಿನ ಗಂಟೆ ಸರಿಯಾಗಿ ದುಪ್ಪಟ್ಟು! ಪಟ್ಟಿಯ ಎಡ ಕಾಲಮ್ಮಿಗೆ Remove Duplicates ಹಾಕಿಯೇ ಮುಂದೆ ಹೋಗಿ.

ಈಗ ಒಂದು ಕ್ಲೈಂಟನ್ನು ಪೂರ್ತಿ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಷ್ಟೇ. ತೀರ್ಥಹಳ್ಳಿಯ `TH01`, ಜುಲೈ ತಿಂಗಳು. ಒಪ್ಪಂದದಲ್ಲಿ ಹೀಗಿದೆ ಅಂದುಕೊಳ್ಳಿ: ಹಿರಿಯ ಕನ್ಸಲ್ಟೆಂಟ್‌ಗೆ ಗಂಟೆಗೆ ₹2,000, ಕಿರಿಯರಿಗೆ ₹900. ಪ್ರಯಾಣದ ಸಮಯದಲ್ಲಿ ಅರ್ಧ ಮಾತ್ರ ಬಿಲ್. ಒಬ್ಬೊಬ್ಬರ ದಿನದ ಮೊತ್ತವನ್ನು ಮುಂದಿನ 15 ನಿಮಿಷಕ್ಕೆ ಏರಿಸಬೇಕು.

ಹಿರಿಯರು ಜುಲೈ 3ರಂದು ಸ್ಥಳದಲ್ಲಿ 4 ಗಂಟೆ 40 ನಿಮಿಷ ಕೆಲಸ ಮಾಡಿದ್ದಾರೆ, ಹೋಗಿ ಬರೋಕೆ 3 ಗಂಟೆ. ಜುಲೈ 10ಕ್ಕೆ ವರದಿಗೆ 2 ಗಂಟೆ 20 ನಿಮಿಷ, ಒಂದು ಫೋನಿಗೆ 10 ನಿಮಿಷ. ಕಿರಿಯರು 3ರಂದು ಸ್ಥಳದಲ್ಲಿ 5 ಗಂಟೆ 10 ನಿಮಿಷ, ಪ್ರಯಾಣ 3 ಗಂಟೆ. 11ಕ್ಕೆ ಲೆಕ್ಕ ಜೋಡಿಸಲು 3 ಗಂಟೆ 35 ನಿಮಿಷ, ಅದರಲ್ಲೇ ಆದ ತಪ್ಪು ತಿದ್ದಲು 1 ಗಂಟೆ. ಒಟ್ಟು ಕೂಡಿದರೆ 1375 ನಿಮಿಷ, ಅಂದರೆ 22 ಗಂಟೆ 55 ನಿಮಿಷ.

ಇದರಲ್ಲಿ ಬಿಲ್ ಮಾಡಬಹುದಾದದ್ದು ಯಾವುದು? ಇದನ್ನು ಕನ್ಸಲ್ಟೆಂಟ್ ತೀರ್ಮಾನಿಸಬಾರದು. ಅವರ ಶೀಟಿನಲ್ಲಿ "ಬಿಲ್ ಆಗುತ್ತಾ, ಹೌದು/ಇಲ್ಲ" ಅಂತ ಕಾಲಮ್ ಇಟ್ಟರೆ ಒಬ್ಬರು ಪ್ರಯಾಣಕ್ಕೆ ಹೌದು ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಅವರು ಕೆಲಸದ ಬಗೆ ಮಾತ್ರ ಬರೆಯಲಿ: ಸ್ಥಳ, ಪ್ರಯಾಣ, ವರದಿ, ತಿದ್ದುಪಡಿ. ಯಾವ ಕ್ಲೈಂಟಿಗೆ ಯಾವ ಬಗೆ ಎಷ್ಟು ಪಾಲು ಬಿಲ್ ಆಗುತ್ತದೆ ಅನ್ನೋದು ನಿಮ್ಮ ಬಳಿ ಇರುವ ಪಟ್ಟಿಯಿಂದ ಬರಬೇಕು: ಸ್ಥಳಕ್ಕೆ 1, ಪ್ರಯಾಣಕ್ಕೆ 0.5, ತಿದ್ದುಪಡಿಗೆ 0. ನಿಮಿಷವನ್ನು ಈ ಪಾಲಿನಿಂದ ಗುಣಿಸಿದರಾಯಿತು. ಒಂದೇ ದಿನ ತೀರ್ಥಹಳ್ಳಿಯಲ್ಲಿ ಇಬ್ಬರು ಕ್ಲೈಂಟ್‌ಗಳನ್ನು ಮುಗಿಸಿ ಬಂದರೆ ಪ್ರಯಾಣವನ್ನು ಎರಡು ಸಾಲಾಗಿ ಹಂಚಿ ಬರೆಯಲು ಹೇಳಿ. ಇಬ್ಬರಿಗೂ ಪೂರ್ತಿ ಪ್ರಯಾಣ ಹಾಕಬಾರದು, ಮಲೆನಾಡು ಚಿಕ್ಕದು, ಅವರಿಬ್ಬರೂ ಎಲ್ಲೋ ಒಂದು ಮದುವೆ ಮನೆಯಲ್ಲಿ ಸಿಕ್ಕೇ ಸಿಗುತ್ತಾರೆ.

ನಮ್ಮ ಉದಾಹರಣೆಯಲ್ಲಿ ಹಿರಿಯರದು 3ಕ್ಕೆ 370 ನಿಮಿಷ, 10ಕ್ಕೆ 150. ಕಿರಿಯರದು 3ಕ್ಕೆ 400, 11ಕ್ಕೆ 215. ಒಟ್ಟು 1135. ಬಿಲ್ ಆಗದ್ದು 240: ಇಬ್ಬರ ಅರ್ಧ ಪ್ರಯಾಣ 180, ತಿದ್ದುಪಡಿ 60. ಎರಡೂ ಸೇರಿ 1375, ಸರಿಹೋಯಿತು.

ಇನ್ನು ಏರಿಸುವ ಲೆಕ್ಕ. ಜಗಳ ಆಗೋದು ಇಲ್ಲೇ. ದಿನದ ಮೊತ್ತ ಏರಿಸಿದರೆ 370 ಹೋಗಿ 375, 150 ಹಾಗೇ, 400 ಹೋಗಿ 405, 215 ಹೋಗಿ 225. ಹಿರಿಯರಿಗೆ 8.75 ಗಂಟೆ, ಕಿರಿಯರಿಗೆ 10.5 ಗಂಟೆ, ಬಿಲ್ ₹26,950. ಅದೇ ಅಂಕಿಗಳನ್ನು ಪ್ರತಿ ಸಾಲಿಗೂ ಏರಿಸಿದರೆ ಹಿರಿಯರದು 9 ಗಂಟೆ ಆಗುತ್ತದೆ, ಬಿಲ್ ₹27,450. ತಿಂಗಳ ಮೊತ್ತ ಮಾತ್ರ ಏರಿಸಿದರೆ ಕಿರಿಯರದು 10.25ಕ್ಕೆ ಇಳಿದು ₹26,725. ಮೂರರಲ್ಲಿ ಯಾವುದೂ ತಪ್ಪಲ್ಲ, ಆದರೆ ಒಪ್ಪಂದದಲ್ಲಿ ಬರೆದಿರುವುದು ಒಂದೇ. ಬರೆದಿಲ್ಲ ಅಂದರೆ ಈಗಲೇ ಒಂದು ಮೇಲ್ ಕಳಿಸಿ ಬರೆಸಿಕೊಳ್ಳಿ. ಹತ್ತು ನಿಮಿಷದ ಫೋನ್ ಕರೆಗಳು ಜಾಸ್ತಿ ಇರುವ ಕ್ಲೈಂಟಿಗೆ ಸಾಲಿನ ಲೆಕ್ಕ ಹಿಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ, ಅವರು ಕೇಳಿಯೇ ಕೇಳುತ್ತಾರೆ. ನನ್ನ ಒಲವು ದಿನದ ಲೆಕ್ಕಕ್ಕೆ. ವಿವರಿಸೋದು ಸುಲಭ.

ಸೂತ್ರ ಇದು. ದಿನದ ನಿಮಿಷ D2ನಲ್ಲಿದ್ದರೆ:

```
=CEILING(ROUND(D2,0),15)/60
```

ಒಳಗೆ ROUND ಯಾಕೆ? ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಂಡು ನೇರವಾಗಿ CEILING ಕೊಟ್ಟರೆ, 2:30 ಅನ್ನೋದು ಒಳಗೆ ಕೂದಲೆಳೆಯಷ್ಟು ಜಾಸ್ತಿ ಇದ್ದು 2:45ಕ್ಕೆ ಹಾರಿಬಿಡಬಹುದು. ನಿಮಿಷದ ಪೂರ್ಣ ಸಂಖ್ಯೆ ಇದ್ದರೆ ಆ ಭಯ ಇಲ್ಲ. ನಿಮಿಷ ಹಿಡಿಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ದಿನದ ಮೊತ್ತ ಬೇಕೆಂದರೆ ಪಿವಟ್‌ಗೆ ಹೋಗುವ ಮೊದಲೇ ಪವರ್ ಕ್ವೆರಿಯಲ್ಲಿ Group By ಮಾಡಬೇಕು: ತಾರೀಖು, ಹೆಸರು, ಕ್ಲೈಂಟ್ ಕೋಡ್ ಮೇಲೆ ಬಿಲ್ ಆಗುವ ನಿಮಿಷ ಕೂಡಿ. ಆ ಟೇಬಲನ್ನು ಶೀಟಿಗೆ ಇಳಿಸಿ ಪಕ್ಕದ ಕಾಲಮ್ಮಿನಲ್ಲಿ ಮೇಲಿನ ಸೂತ್ರ, ಆಮೇಲೆ ಪಿವಟ್‌ನಲ್ಲಿ ಕ್ಲೈಂಟ್ ಕೆಳಗೆ ಹೆಸರು, ಪಕ್ಕದಲ್ಲಿ ಗಂಟೆ. ಪಿವಟ್ ಮಾಡಿದ ಮೇಲೆ ಅದರ ಮೊತ್ತವನ್ನು ಏರಿಸಹೋದರೆ ನಿಮಗೆ ಗೊತ್ತಿಲ್ಲದೆ ತಿಂಗಳ ಲೆಕ್ಕಕ್ಕೆ ಜಾರಿರುತ್ತೀರಿ. ಇನ್ನೊಂದು, Refresh All ಒಮ್ಮೆ ಒತ್ತಿದರೆ ಕ್ವೆರಿ ಮುಗಿಯುವ ಮೊದಲೇ ಪಿವಟ್ ಹಳೇ ಅಂಕಿ ಎತ್ತಿಕೊಂಡಿರಬಹುದು. ಇನ್ನೊಮ್ಮೆ ಒತ್ತಿ, ಅಥವಾ ಕ್ವೆರಿಯ Properties ಒಳಗೆ ಬ್ಯಾಕ್‌ಗ್ರೌಂಡ್ ರಿಫ್ರೆಶ್ ತೆಗೆದುಬಿಡಿ.

ಬಿಲ್ ಕಳಿಸುವ ಮೊದಲು ಒಂದು ತಾಳೆ ನೋಡಲೇಬೇಕು. ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿದ ಮೇಲೂ ಒಟ್ಟು ತೂಕ ಮೊದಲಿನಷ್ಟೇ ಇರಬೇಕಲ್ವಾ, ಹಾಗೆ. ಐದೂ ಪ್ರತಿಗಳಲ್ಲಿ "ನಿಮಿಷ" ಕಾಲಮ್ಮಿನ, ಹೊಸ ಶೀಟ್ ಆದರೆ ಒಟ್ಟು ನಿಮಿಷದ ಕಾಲಮ್ಮಿನ, ಮೊತ್ತವನ್ನು ಫೈಲ್ ತೆರೆದು ಒಂದು ಕಡೆ ಬರೆದಿಡಿ. ಸೇರಿಸಿದ ಟೇಬಲ್‌ನಲ್ಲಿ `Source.Name` ಪ್ರಕಾರ ಬರುವ ಮೊತ್ತದ ಜೊತೆ ಹೋಲಿಸಿ. ಆಮೇಲೆ ಬಿಲ್ ಆಗುವ ನಿಮಿಷ, ಬಿಲ್ ಆಗದ ನಿಮಿಷ, ಕೋಡ್ ಸಿಗದ ನಿಮಿಷ ಮೂರನ್ನೂ ಕೂಡಿದರೆ ಅದೇ ಮೊತ್ತ ಬರಬೇಕು, ಮೂರನೆಯದು ಸೊನ್ನೆ ಇರಬೇಕು. ಮೊತ್ತ ಕಡಿಮೆ ಬಂದರೆ ಕಾಲಮ್ಮಿನ ಹೆಸರು ನೋಡಿ. ಜಾಸ್ತಿ ಬಂದರೆ ಕ್ಲೈಂಟ್ ಪಟ್ಟಿಯಲ್ಲಿ ಹೆಸರು ಎರಡು ಸಲ ಬಂದಿದೆಯಾ ನೋಡಿ. ಹಾಗೇ ಒಬ್ಬರ ಒಂದು ದಿನ 12 ಗಂಟೆ ದಾಟಿದ್ದರೆ ಆ ಸಾಲುಗಳನ್ನು ತೆರೆದು ನೋಡಿ. ಸಮಯದ ರೂಪ ತಪ್ಪಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇದಕ್ಕೋಸ್ಕರವೇ ಬಿಲ್ ಆಗದ ಸಾಲುಗಳನ್ನು ಮೊದಲೇ ಅಳಿಸಬಾರದು.

ಇನ್‌ವಾಯ್ಸ್‌ಗೆ ಹೋಗುವ ಸಾರಾಂಶ ಚಿಕ್ಕದಾಗಿರಲಿ. `TH01`ಗೆ ಎರಡೇ ಸಾಲು: ಹಿರಿಯ 8.75 ಗಂಟೆ, ₹2,000 ದರ, ₹17,500. ಕಿರಿಯ 10.5 ಗಂಟೆ, ₹900 ದರ, ₹9,450. ಮೊತ್ತ ₹26,950. ಕನ್ಸಲ್ಟಿಂಗ್ ಸೇವೆಗೆ ಜಿಎಸ್‌ಟಿ 18%. ಕ್ಲೈಂಟ್ ಕರ್ನಾಟಕದವರೇ ಆದ್ದರಿಂದ ಸಿಜಿಎಸ್‌ಟಿ 9% ₹2,425.50, ಎಸ್‌ಜಿಎಸ್‌ಟಿ 9% ಅಷ್ಟೇ, ಒಟ್ಟು ₹31,801. ಬೇರೆ ರಾಜ್ಯದಲ್ಲಿ ನೋಂದಣಿಯಾದ ಕ್ಲೈಂಟ್ ಆಗಿದ್ದರೆ ಸಾಮಾನ್ಯವಾಗಿ 18% ಐಜಿಎಸ್‌ಟಿ ಒಂದೇ. ಕ್ಲೈಂಟ್ ಟಿಡಿಎಸ್ ಹಿಡಿಯುತ್ತಾರೆ ಅಂತ ನೀವೇ ಬಿಲ್ಲಿನಲ್ಲಿ ಕಳೆಯಬೇಡಿ, ಅದು ಅವರು ಹಣ ಕೊಡುವಾಗ ಮಾಡುವ ಕೆಲಸ. ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಲೆಕ್ಕ ₹26,950ರ ಮೇಲಷ್ಟೇ. ಇನ್‌ವಾಯ್ಸ್ ನಂಬರ್ 16 ಅಕ್ಷರ ದಾಟಬಾರದು, ಆ ಹಣಕಾಸು ವರ್ಷದಲ್ಲಿ ಮತ್ತೊಮ್ಮೆ ಬರಬಾರದು.

ಇದರ ಹಿಂದೆ ಒಂದು ಅನುಬಂಧ ಲಗತ್ತಿಸಿ: ತಾರೀಖು, ಯಾರು, ಏನು ಕೆಲಸ, ನಿಜವಾದ ನಿಮಿಷ, ಬಿಲ್ ಆದ ಗಂಟೆ. ಬಿಲ್ ಆಗದ ಆ ಒಂದು ಗಂಟೆಯ ತಿದ್ದುಪಡಿಯನ್ನೂ ಸೊನ್ನೆ ಅಂತ ತೋರಿಸಿ, ನೀವು ಬಿಟ್ಟುಕೊಟ್ಟಿದ್ದು ಅವರಿಗೆ ಕಾಣಲಿ. ವಿವರದಲ್ಲಿ "ಕೆಲಸ", "ಮೀಟಿಂಗ್" ಅಂತ ಒಂದೇ ಪದ ಇದ್ದರೆ ಕನ್ಸಲ್ಟೆಂಟ್‌ಗೆ ವಾಪಸ್ ಕಳಿಸಿ. "ಒಣಗಿಸುವ ಘಟಕದ ದಾಖಲೆ ಪರಿಶೀಲನೆ" ಅಂತ ಬರೆದರೆ ಯಾರೂ ಫೋನ್ ಮಾಡಲ್ಲ.

ಕೊನೆಗೆ ತಡವಾಗಿ ಬರುವ ಸಾಲುಗಳು. ಮಳೆಗಾಲದಲ್ಲಿ ಹೊಸನಗರದ ಕಡೆ ಹೋದವರಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಜುಲೈ 29ರ ಕೆಲಸ ಆಗಸ್ಟ್ 6ಕ್ಕೆ ಬಂದು ಬೀಳುತ್ತದೆ. ಕಳಿಸಿಯಾದ ಇನ್‌ವಾಯ್ಸ್ ತಿದ್ದಲು ಹೋಗಬೇಡಿ. ಅದನ್ನು ಆಗಸ್ಟ್ ಬಿಲ್ಲಿಗೆ ಹಾಕಿ, ಅನುಬಂಧದಲ್ಲಿ ಮಾತ್ರ ನಿಜವಾದ ತಾರೀಖು ಇರಲಿ. ಎರಡು ಸಲ ಬಿಲ್ ಆಗದಿರಲು, ಇನ್‌ವಾಯ್ಸ್ ಹೋದ ದಿನವೇ ಆ ಸಾಲುಗಳನ್ನೆಲ್ಲ ಬೇರೊಂದು ಶೀಟಿಗೆ Paste Values ಮಾಡಿ, ಪಕ್ಕದಲ್ಲಿ ಇನ್‌ವಾಯ್ಸ್ ನಂಬರ್ ಬರೆಯಿರಿ. ಕ್ವೆರಿಯ ಟೇಬಲ್ ಪಕ್ಕದಲ್ಲೇ ನಂಬರ್ ಟೈಪ್ ಮಾಡಬೇಡಿ, ಮುಂದಿನ ರಿಫ್ರೆಶ್‌ಗೆ ಸಾಲುಗಳು ಸರಿದು ಯಾರದೋ ನಂಬರ್ ಯಾರಿಗೋ ಅಂಟಿಕೊಳ್ಳುತ್ತದೆ. ಮುಂದಿನ ತಿಂಗಳು ಫೈಲ್ ಹೆಸರಿನ ಬದಲು ವ್ಯಕ್ತಿಯ ಹೆಸರು ಮತ್ತು ಸಾಲಿನ ನಂಬರ್ ಹಿಡಿದು, ಈ ಶೀಟಿನಲ್ಲಿ ಇಲ್ಲದವನ್ನು ಮಾತ್ರ ಎತ್ತಿಕೊಳ್ಳಿ. Merge ಮಾಡುವಾಗ Left Anti ಅಂತ ಒಂದು ಆಯ್ಕೆ ಇದೆ, ಅದು ಮಾಡೋದು ಇದನ್ನೇ. ಅದಕ್ಕೆ ಸಾಲಿನ ನಂಬರ್ ತಿಂಗಳು ತಿಂಗಳು 1ರಿಂದ ಶುರುವಾಗದೆ ವರ್ಷಪೂರ್ತಿ ಮುಂದುವರಿಯಬೇಕು, ಇದನ್ನು ಕನ್ಸಲ್ಟೆಂಟ್‌ಗಳಿಗೆ ಶೀಟ್ ಕೊಡುವಾಗಲೇ ಹೇಳಿಬಿಡಿ.